ಐದು ತಿಂಗಳ ಗಬ್ಬ ಎಂದುಕೊಂಡ ಹಸು ಖಾಲಿ!

ಮದ್ದೂರು ಸೀಮೆಯ ಒಂದು ಹಳ್ಳಿ. ಊರಿನ ಹೆಸರು ಬೇಡ, ಯಜಮಾನರ ಹೆಸರೂ ಬೇಡ. "ಪೇಪರ್‌ಗೆ ಹಾಕ್ಕಳಿ ಕಣಣ್ಣ, ನಾಲ್ಕು ಜನಕ್ಕೆ ಉಪಯೋಗ ಆಯ್ತದೆ. ಆದ್ರೆ ನನ್ ಹೆಸ್ರು ಮಾತ್ರ ಬ್ಯಾಡ, ನಮ್ ಬೀಗ್ರು ಓದ್ತಾರೆ" ಎಂದು ಗೌಡರು ಕೈಮುಗಿದಿದ್ದಾರೆ. ಆದ್ದರಿಂದ ಅವರನ್ನು ಗೌಡರು ಎಂದೇ ಕರೆಯೋಣ.

ಗೌಡರ ಕೊಟ್ಟಿಗೆಯಲ್ಲಿ ಕಪ್ಪುಬಿಳುಪಿನ ಒಂದು ಸೀಮೆಹಸು. ಎರಡನೇ ಕರು ಹಾಕಿದ್ದು ಹೋದ ವರ್ಷ ಜನವರಿ 2ರಂದು. ಮಾರ್ಚ್ 5ಕ್ಕೆ ಬೆದೆಗೆ ಬಂತು, ಅವತ್ತೇ ಇಂಜೆಕ್ಷನ್ ಹಾಕಿಸಿದರು. ಇಂಜೆಕ್ಷನ್ ಎಂದರೆ ಇಲ್ಲಿ ಕೃತಕ ಗರ್ಭಧಾರಣೆ ಎಂದು ನಮ್ಮ ಹಳ್ಳಿಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಾರೀಖು ಬರೆದ ಚೀಟಿಯನ್ನು ಗೌಡರು ಜೋಪಾನವಾಗಿ ಸೂರಿನ ಸಂದಿಗೆ ಸಿಕ್ಕಿಸಿದರು. ಅದಾದ ಮೇಲೆ ಹಸು ಮತ್ತೆ ಬೆದೆಗೆ ಬರಲಿಲ್ಲ. ಹಾಲು ನಿಧಾನವಾಗಿ ಇಳಿಯಿತು. ಹೊಟ್ಟೆ ದುಂಡಗೆ ಕಾಣಿಸಿತು. ಗಬ್ಬ ನಿಂತಿದೆ ಎನ್ನುವುದಕ್ಕೆ ಇನ್ನೇನು ಬೇಕು?

ಆಗಸ್ಟ್ 20ರಂದು ಪಕ್ಕದ ಮನೆಯ ಕರುವಿಗೆ ಔಷಧಿ ಕೊಡಲು ದನದ ಡಾಕ್ಟ್ರು ಬಂದಿದ್ದರು. ಗೌಡರು ಅವರನ್ನು ಕರೆದು ಕೇಳಿದರು.

"ಡಾಕ್ಟ್ರೇ, ಹಸ ಐದೂವರೆ ತಿಂಗ್ಳು ಗಬ್ಬ. ಹಾಲು ಬತ್ಸೋಕೆ ಯಾವಾಗ ಶುರು ಮಾಡ್ಲಿ?"

"ಗಬ್ಬ ಅಂತ ಯಾರು ನೋಡಿದ್ರು ಗೌಡ್ರೇ?"

"ನೋಡೋದೇನು ಬಂತು? ಮತ್ತೆ ಬೆದೆಗೇ ಬರ್ನಿಲ್ವಲ್ಲ!"

ಡಾಕ್ಟ್ರು ಕೈಗವಸು ಹಾಕಿಕೊಂಡರು. ಎರಡು ನಿಮಿಷ ಒಳಗೆ ತಡಕಾಡಿ ಕೈ ಹೊರಗೆ ತೆಗೆದು, "ಗೌಡ್ರೇ, ಹಸ ಖಾಲಿ ಐತೆ" ಎಂದರು.

ಗೌಡರ ಮುಖ ನೋಡಬೇಕಿತ್ತು.

ಬರಲಿಲ್ಲವೋ, ಕಾಣಲಿಲ್ಲವೋ?

ಈ ಪ್ರಕರಣದ ಗುಟ್ಟೆಲ್ಲ ಇರುವುದು ಒಂದೇ ಮಾತಿನಲ್ಲಿ. "ಬೆದೆಗೆ ಬರಲಿಲ್ಲ" ಎಂಬ ಮಾತಿಗೂ "ಬೆದೆಗೆ ಬಂದದ್ದು ನಮಗೆ ಕಾಣಲಿಲ್ಲ" ಎಂಬ ಮಾತಿಗೂ ಅಜಗಜಾಂತರ. ನಮ್ಮ ರೈತರು ಹೇಳುವುದು ಮೊದಲನೆಯದು. ಕೊಟ್ಟಿಗೆಯಲ್ಲಿ ನಡೆಯುವುದು ಬಹಳ ಸಲ ಎರಡನೆಯದು.

ಗಬ್ಬವಿಲ್ಲದ ಹಸು ಸರಾಸರಿ 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. 18 ದಿನಕ್ಕೂ ಬರಬಹುದು, 24 ದಿನಕ್ಕೂ ಬರಬಹುದು. ಆ ಬೆದೆ ಇರುವುದು ಅರ್ಧ ದಿನ, ಹೆಚ್ಚೆಂದರೆ 18 ಗಂಟೆ. ಸಂಜೆ ಏಳಕ್ಕೆ ಶುರುವಾಗಿ ಬೆಳಗಿನ ಹಾಲು ಕರೆಯುವ ಹೊತ್ತಿಗೆ ಮುಗಿದು ಹೋದರೆ ಕಂಡವರು ಯಾರು? ಅದರ ಮೇಲೆ ಗೌಡರ ಹಸು ಒಂಟಿ. ಗೂಟಕ್ಕೆ ಕಟ್ಟಿದ್ದು ಕಟ್ಟಿದ ಹಾಗೇ ಇರುತ್ತದೆ. ಬೆದೆಯ ಖಚಿತ ಗುರುತು ಎಂದರೆ ಬೇರೆ ದನ ಮೈಮೇಲೆ ಹತ್ತಿದಾಗ ಅಲುಗಾಡದೆ ನಿಂತು ಕೊಡುವುದು. ಜೊತೆಗೆ ದನವೇ ಇಲ್ಲದ ಕಡೆ ಆ ಗುರುತು ಕಾಣುವುದಾದರೂ ಹೇಗೆ?

ಡಾಕ್ಟ್ರ ಕೈಗೆ ಹಸುವಿನ ಅಂಡಾಶಯದ ಮೇಲೆ ಚೆನ್ನಾಗಿ ಬೆಳೆದ ಒಂದು ಗಂಟು ಸಿಕ್ಕಿತ್ತು. ಬೆದೆಯಲ್ಲಿ ಮೊಟ್ಟೆ ಹೊರಬಿದ್ದ ಜಾಗದಲ್ಲಿ ಆ ಗಂಟು ಬೆಳೆಯುತ್ತದೆ. ಗರ್ಭಕೋಶವೂ ಚೊಕ್ಕಟವಾಗಿತ್ತು. ಎಂದರೆ ಹಸುವಿಗೆ ಯಾವ ರೋಗವೂ ಇಲ್ಲ, ಅದು ತನ್ನ ಪಾಡಿಗೆ ಬೆದೆಗೆ ಬಂದು ಹೋಗುತ್ತಿದೆ. "ಹತ್ತು ದಿನದ ಈಚೆಗೆ ಏನಾದ್ರೂ ಕೂಗ್ತಿತ್ತಾ?" ಎಂದು ಡಾಕ್ಟ್ರು ಕೇಳಿದರು. ಗೌಡರು ಇಲ್ಲವೆಂದು ತಲೆಯಾಡಿಸಿದರು. ಒಳಗಿನಿಂದ ಗೌಡರ ತಾಯಿ ಮಾತಾಡಿದರು.

"ಅಯ್ಯೋ, ಒಂದಿನ ರಾತ್ರಿಯೆಲ್ಲಾ ಒಂದೇ ಸಮ್ನೆ ಅರಚ್ತಿತ್ತು ಕಣಪ್ಪ. ಹೊಟ್ಟೆಗಿಲ್ದೆ ಕೂಗ್ತದೆ ಅಂತ ಎದ್ದು ಹುಲ್ ಹಾಕ್ದೆ."

ಬೆದೆಗೆ ಬಂದ ಹಸುವಿಗೆ ಹುಲ್ಲು ಸಿಕ್ಕಿತು, ಸಿಗಬೇಕಾದದ್ದು ಸಿಗಲಿಲ್ಲ. ಹೀಗೆ ಮಾರ್ಚಿಯಿಂದ ಆಗಸ್ಟ್‌ವರೆಗೆ ಸುಮಾರು ಏಳು ಬೆದೆಗಳು ಯಾರ ಕಣ್ಣಿಗೂ ಬೀಳದೆ ಕೈತಪ್ಪಿದ್ದವು.

ಹಾಲು ಇಳಿದದ್ದು? ಕರು ಹಾಕಿ ಏಳು ತಿಂಗಳು ಕಳೆದ ಹಸುವಿನ ಹಾಲು ಗಬ್ಬವಿರಲಿ ಬಿಡಲಿ ಇಳಿದೇ ಇಳಿಯುತ್ತದೆ. ಹೊಟ್ಟೆ ದುಂಡಗಾದದ್ದು? ಮೂರು ಹೊತ್ತು ರಾಗಿಹುಲ್ಲು ತಿಂದರೆ ಯಾವ ಹೊಟ್ಟೆ ತಾನೇ ದುಂಡಗಾಗುವುದಿಲ್ಲ?

ರೈತನ ಕಣ್ಣಿಗೆ ಕಾಣುವುದೆಷ್ಟು?

ಹಾಗಾದರೆ ರೈತ ನೋಡುವುದರಲ್ಲಿ ಅರ್ಥವಿಲ್ಲವೇ? ಖಂಡಿತ ಇದೆ. ಆದರೆ ಮೊದಲ ಎರಡು ತಿಂಗಳು ರೈತನ ಕಣ್ಣಿಗೆ ಗಬ್ಬ ಕಾಣುವುದಿಲ್ಲ. ಕಾಣುವುದು ಗಬ್ಬ ನಿಲ್ಲದೆ ಇರುವುದು. ಎಂದರೆ ಮತ್ತೆ ಬಂದ ಬೆದೆ. ಅದನ್ನು ಹಿಡಿಯಲು ಇಂಜೆಕ್ಷನ್ ಹಾಕಿಸಿದ ದಿನದಿಂದ ಎಣಿಸಿ 18ರಿಂದ 24ನೇ ದಿನದವರೆಗೆ ಒಂದು ಕಾವಲು, 39ರಿಂದ 45ನೇ ದಿನದವರೆಗೆ ಮತ್ತೊಂದು ಕಾವಲು ಹಾಕಬೇಕು. ಆ ದಿನಗಳಲ್ಲಿ ನಸುಕಿಗೆ, ಮಧ್ಯಾಹ್ನ, ಮತ್ತು ಮಲಗುವ ಮುಂಚೆ, ದಿನಕ್ಕೆ ಮೂರು ಸಲ ಇಪ್ಪತ್ತು ನಿಮಿಷ ದನದ ಹತ್ತಿರ ಸುಮ್ಮನೆ ನಿಲ್ಲಿ. ಸಾಧ್ಯವಾದರೆ ಬೆಳಿಗ್ಗೆ ಸಂಜೆ ಸ್ವಲ್ಪ ಹೊತ್ತು ಬೇರೆ ದನಗಳ ಜೊತೆ ಬಿಚ್ಚಿ ಬಿಡಿ.

ಹಿಂಭಾಗದಿಂದ ಮೊಟ್ಟೆಯ ಬಿಳಿಯ ಹಾಗೆ ತಿಳಿಯಾದ ಲೋಳೆ ಇಳಿಬೀಳುವುದು, ಬಾಲಕ್ಕೂ ತೊಡೆಗೂ ಲೋಳೆ ಒಣಗಿ ಹೊಳೆಯುವುದು, ಸುಮ್ಮಸುಮ್ಮನೆ ಕೂಗುವುದು, ಆ ಹೊತ್ತಿನ ಹಾಲು ಕಡಿಮೆಯಾಗುವುದು, ಗಳಿಗೆಗೊಮ್ಮೆ ಗಂಜಲ ಹೊಯ್ಯುವುದು, ಇವೇ ಗುರುತುಗಳು. ರಾತ್ರಿ ಬೆದೆ ತಪ್ಪಿಹೋದರೂ ಕೆಲವು ಹಸುಗಳು, ಅದರಲ್ಲೂ ಕಡಸುಗಳು, ಎರಡು ದಿನ ಬಿಟ್ಟು ಸ್ವಲ್ಪ ರಕ್ತ ಸೋರುತ್ತವೆ. ಇದನ್ನು ಕಂಡು ಗಬ್ಬ ನಿಂತಿತು ಎನ್ನುವವರಿದ್ದಾರೆ, ಗಬ್ಬ ಹೋಯಿತು ಎನ್ನುವವರೂ ಇದ್ದಾರೆ. ಎರಡೂ ತಪ್ಪು. ಎರಡು ದಿನದ ಹಿಂದೆ ಬೆದೆ ಇತ್ತು ಎಂಬುದಷ್ಟೇ ಅದರ ಅರ್ಥ. ತಾರೀಖು ಬರೆದಿಟ್ಟುಕೊಂಡು, ಮುಂದಿನ ಬೆದೆಗೆ ಅಲ್ಲಿಂದ 18-19 ದಿನ ಎಣಿಸಿ ಕಾಯಿರಿ.

ಗಬ್ಬದ ನಿಜವಾದ ಹೊರಗುರುತುಗಳು ಬರುವುದು ಬಹಳ ತಡವಾಗಿ. ಮೊದಲ ಗಬ್ಬದ ಕಡಸಿಗೆ ಐದಾರು ತಿಂಗಳಲ್ಲಿ ಕೆಚ್ಚಲು ಕಟ್ಟಲು ಶುರುವಾಗುತ್ತದೆ. ಆರೇಳು ತಿಂಗಳಾದ ಮೇಲೆ ಬಲ ಪಕ್ಕೆಯ ಕೆಳಭಾಗವನ್ನು ಮುಷ್ಟಿಯಿಂದ ಮೆಲ್ಲಗೆ ಒಳಕ್ಕೆ ತಳ್ಳಿ ಹಿಡಿದರೆ, ಕರು ಒಂದು ಗಟ್ಟಿ ಗೆಡ್ಡೆಯ ಹಾಗೆ ತೇಲಿ ಬಂದು ಕೈಗೆ ಬಡಿಯುತ್ತದೆ. ಅಷ್ಟು ದಿನ ಕಾದು ಖಾಲಿ ಎಂದು ತಿಳಿದರೆ ಅರ್ಧ ವರ್ಷ ಆಗಲೇ ಕಳೆದಿರುತ್ತದೆ.

ಎಮ್ಮೆ ಇನ್ನೂ ಗುಮ್ಮ

ಹಸು ಹೀಗೆ ಮೋಸ ಮಾಡಿದರೆ ಎಮ್ಮೆ ಅದರಪ್ಪನಂಥದ್ದು. ಎಮ್ಮೆಗೆ ಬೆದೆ ಬರುವುದು ಹೆಚ್ಚಾಗಿ ರಾತ್ರಿ ಮತ್ತು ನಸುಕಿನಲ್ಲಿ. ಒಂದರ ಮೇಲೊಂದು ಹತ್ತುವುದು ಎಮ್ಮೆಗಳಲ್ಲಿ ಬಹಳ ಅಪರೂಪ. ಲೋಳೆಯೂ ಹಸುವಿನಷ್ಟು ಉದ್ದಕ್ಕೆ ಇಳಿಬೀಳುವುದಿಲ್ಲ, ಮಲಗಿದಾಗ ಸ್ವಲ್ಪ ಸೋರಿ ಸಗಣಿಯಲ್ಲಿ ಬೆರೆತು ಹೋಗುತ್ತದೆ. ಬೇಸಿಗೆಯಲ್ಲಂತೂ ಅನೇಕ ಎಮ್ಮೆಗಳು ಸದ್ದಿಲ್ಲದೆ ಬೆದೆಗೆ ಬಂದು ಸದ್ದಿಲ್ಲದೆ ಇಳಿಯುತ್ತವೆ. ಇದಕ್ಕೆ ಮೂಕಬೆದೆ ಎನ್ನುತ್ತಾರೆ. ಆದ್ದರಿಂದ "ಎಮ್ಮೆ ಮತ್ತೆ ಬೆದೆಗೆ ಬರಲಿಲ್ಲ, ಗಬ್ಬ ಗ್ಯಾರಂಟಿ" ಎನ್ನುವವರ ಮಾತಿಗೆ ಬೇಸಿಗೆಯಲ್ಲಿ ಕವಡೆಯ ಬೆಲೆಯೂ ಇಲ್ಲ. ಹಸುವಿನ ಗಬ್ಬ ಸುಮಾರು 280 ದಿನವಾದರೆ ಎಮ್ಮೆಯದು ಸುಮಾರು 310 ದಿನ. ಒಂದು ತಿಂಗಳು ಹೆಚ್ಚು ಕಾಯಬೇಕಾದ ಎಮ್ಮೆಯನ್ನು ನೋಡಿಸದೆ ಬಿಟ್ಟರೆ ಆಗುವ ನಷ್ಟವೂ ಹೆಚ್ಚು.

ಡಾಕ್ಟ್ರು ಕೈ ಹಾಕಿ ನೋಡುವುದೇನನ್ನು?

ಕೈ ಹಾಕಿ ನೋಡುವುದೆಂದರೆ ಅನೇಕರು ಗರ್ಭಕೋಶದೊಳಗೇ ಕೈ ಹಾಕುತ್ತಾರೆಂದು ತಿಳಿದಿದ್ದಾರೆ. ಹಾಗಲ್ಲ. ಕೈ ಹೋಗುವುದು ಸಗಣಿ ಬರುವ ದಾರಿಯಲ್ಲಿ. ಗರ್ಭಕೋಶ ಅದರ ಕೆಳಗಿದೆ. ತೆಳುವಾದ ಕರುಳಿನ ಗೋಡೆಯ ಮೇಲಿನಿಂದಲೇ ಅದನ್ನು ಮುಟ್ಟಿ ನೋಡುತ್ತಾರೆ. ಚೀಲದ ಹೊರಗಿನಿಂದ ಮುಟ್ಟಿ ಒಳಗಿರುವುದು ತೆಂಗಿನಕಾಯೋ ಕುಂಬಳಕಾಯೋ ಎಂದು ಹೇಳಿದ ಹಾಗೆ.

ಹಸುವನ್ನು ಅಲುಗದ ಹಾಗೆ ಕಂಬದ ಚೌಕಟ್ಟಿನಲ್ಲಿ ನಿಲ್ಲಿಸಿ, ಕೈಗವಸಿಗೆ ಜಾರುವಂತೆ ಎಣ್ಣೆಯನ್ನೋ ಸೋಪಿನ ನೀರನ್ನೋ ಸವರಿ, ಮೊದಲು ಸಗಣಿ ತೆಗೆಯುತ್ತಾರೆ. ಆಮೇಲೆ ಗರ್ಭಕೋಶದ ಗಟ್ಟಿ ಕುತ್ತಿಗೆಯನ್ನು ಹುಡುಕಿ, ಅದರ ಜಾಡು ಹಿಡಿದು ಮುಂದೆ ಹೋಗುತ್ತಾರೆ. ಗರ್ಭಕೋಶಕ್ಕೆ ಟಗರಿನ ಕೊಂಬಿನಂತೆ ಸುರುಳಿ ಸುತ್ತಿದ ಎರಡು ಕವಲು. ಖಾಲಿ ಹಸುವಿನಲ್ಲಿ ಎರಡೂ ಸಾಮಾನ್ಯವಾಗಿ ಒಂದೇ ಸಮ, ಹಿಡಿದರೆ ಅಂಗೈಯಲ್ಲೇ ಸಿಗುತ್ತವೆ. ಗೌಡರ ಹಸುವಿನಲ್ಲಿ ಸಿಕ್ಕಿದ್ದು ಹೀಗೆಯೇ. ಐದೂವರೆ ತಿಂಗಳ ಗಬ್ಬವಾಗಿದ್ದರೆ ಗರ್ಭಕೋಶ ಭಾರಕ್ಕೆ ಹೊಟ್ಟೆಯೊಳಕ್ಕೆ ಜಾರಿರುತ್ತಿತ್ತು.

ಗಬ್ಬ ನಿಂತಿದ್ದರೆ 35-40 ದಿನದ ಹೊತ್ತಿಗೆ ಒಂದು ಕವಲು ಇನ್ನೊಂದಕ್ಕಿಂತ ದಪ್ಪವಾಗಿ, ಒಳಗೆ ನೀರು ತುಂಬಿ, ಮುಟ್ಟಿದರೆ ತುಳುಕುತ್ತದೆ. ಆದರೆ ಒಂದು ಕವಲು ದಪ್ಪವಾಗಿದೆ ಎಂದ ಮಾತ್ರಕ್ಕೆ ಗಬ್ಬ ಎಂದು ತೀರ್ಪು ಕೊಡುವಂತಿಲ್ಲ. ಗರ್ಭಕೋಶದಲ್ಲಿ ಕೀವು ತುಂಬಿದರೂ ದಪ್ಪವಾಗುತ್ತದೆ, ಅಂಥ ಹಸುವೂ ಬೆದೆಗೆ ಬರುವುದಿಲ್ಲ! ಆದ್ದರಿಂದ ಪಳಗಿದ ಡಾಕ್ಟ್ರು ಇನ್ನೊಂದು ಸಾಕ್ಷಿ ಹುಡುಕುತ್ತಾರೆ. ಕವಲನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು ಬಿಟ್ಟಾಗ ಒಳಗಿನ ತೆಳು ಪೊರೆ ಮೊದಲು ಜಾರುತ್ತದೆ, ಆಮೇಲೆ ಗೋಡೆ ಜಾರುತ್ತದೆ. ಲಂಗದ ಒಳಗಿನ ಲೈನಿಂಗ್ ಬಟ್ಟೆಯನ್ನು ಮೇಲಿನಿಂದ ಚಿವುಟಿ ನೋಡಿದ ಹಾಗೆ. ಕೀವು ತುಂಬಿದ್ದರೆ ಆ ಪೊರೆ ಇರುವುದಿಲ್ಲ. ಪೊರೆ ಜಾರಿತೆಂದರೆ ಗಬ್ಬ ಖಚಿತ. ಇದನ್ನು ಒರಟಾಗಿ ಮಾಡಿದರೆ ಎಳೆಯ ಗರ್ಭಕ್ಕೆ ಅಪಾಯ. ಅದಕ್ಕೇ 35 ದಿನಕ್ಕೆ ಮೊದಲು ಕೈ ಹಾಕಿಸಬೇಡಿ, ಅವಸರದವರ ಕೈಯಿಂದ ಹಾಕಿಸಲೇ ಬೇಡಿ.

60 ದಿನಕ್ಕೆ ಗಬ್ಬದ ಕವಲು ಬಾಳೆಹಣ್ಣಿನ ದಪ್ಪವಾಗಿ, ಕರು ಒಂದು ಸಣ್ಣ ಇಲಿಯಷ್ಟಿರುತ್ತದೆ. 90 ದಿನಕ್ಕೆ ಹೆಗ್ಗಣದಷ್ಟು. ಅಲ್ಲಿಂದ ಮುಂದೆ ಕರು ಹೊಟ್ಟೆಯೊಳಕ್ಕೆ ಇಳಿದು ಕೈಗೆ ಸಿಗುವುದು ಕಷ್ಟವಾದಾಗ, ಕರುವಿಗೆ ಆಹಾರ ಒದಗಿಸುವ ಗುಂಡಿಯಂಥ ಗಂಟುಗಳನ್ನು ಮುಟ್ಟಿ ನೋಡುತ್ತಾರೆ. ಗರ್ಭಕೋಶಕ್ಕೆ ಹೋಗುವ ರಕ್ತನಾಳವನ್ನೂ ಹಿಡಿದು ನೋಡುತ್ತಾರೆ. ಗಬ್ಬದ ಹಸುವಿನಲ್ಲಿ ಆ ನಾಳ ಬರೀ ಮಿಡಿಯುವುದಿಲ್ಲ, ಪೈಪಿನಲ್ಲಿ ನೀರು ನುಗ್ಗಿದ ಹಾಗೆ ಜುಮ್ಮೆಂದು ನಡುಗುತ್ತದೆ.

ಇಷ್ಟೆಲ್ಲ ಇದ್ದರೂ ಕೆಲವೊಮ್ಮೆ ಡಾಕ್ಟ್ರು "ಈಗ ಹೇಳೋಕಾಗಲ್ಲ, ಹದಿನೈದು ದಿನ ಬಿಟ್ಟು ನೋಡೋಣ" ಎನ್ನುತ್ತಾರೆ. "ಇವ್ನಿಗೇನೂ ಗೊತ್ತಿಲ್ಲ" ಎಂದು ಗೊಣಗಬೇಡಿ. ಹಾಗೆ ಹೇಳುವ ಡಾಕ್ಟ್ರೇ ನಂಬಿಕೆಗೆ ಯೋಗ್ಯರು. ಎಮ್ಮೆಯಲ್ಲಿ ಗುರುತುಗಳು ಕೈಗೆ ಸಿಗುವುದು ಸ್ವಲ್ಪ ತಡ. 60 ದಿನ ತುಂಬಿದ ಮೇಲೆ ನೋಡಿಸುವುದು ಮೇಲು.

ಕೈ ಬಿಟ್ಟು ಬೇರೆ ದಾರಿ

ಸ್ಕ್ಯಾನಿಂಗ್ ಯಂತ್ರವಿದ್ದರೆ 28-30 ದಿನಕ್ಕೇ ಗಬ್ಬ ಕಾಣುತ್ತದೆ, ಕರುವಿನ ಎದೆ ಬಡಿಯುವುದೂ ಪರದೆಯ ಮೇಲೆ ಕಾಣುತ್ತದೆ. ಬೆಂಗಳೂರಿನ ಹೆಬ್ಬಾಳ, ಹಾಸನದಂಥ ಪಶುವೈದ್ಯ ಕಾಲೇಜುಗಳಲ್ಲಿ ಈ ಯಂತ್ರ ಉಂಟು, ಹಳ್ಳಿಯ ಆಸ್ಪತ್ರೆಗಳಲ್ಲಿ ಅಪರೂಪ. ಹಾಲಿನ ಪರೀಕ್ಷೆಯೂ ಇದೆ. ಗಬ್ಬವನ್ನು ಕಾಯುವ ಪ್ರೊಜೆಸ್ಟರಾನ್ ಎಂಬ ರಸ 21-24ನೇ ದಿನದ ಹಾಲಿನಲ್ಲಿ ಕಡಿಮೆ ಇದ್ದರೆ ಹಸು ಖಾಲಿ ಎಂದು ನಂಬಬಹುದು. ಹೆಚ್ಚಿದ್ದರೆ ಮಾತ್ರ ಗಬ್ಬವಿದೆ ಎಂದು ಪೂರ್ತಿ ನಂಬುವಂತಿಲ್ಲ.

ಗಂಜಲದಲ್ಲಿ ಕಾಳು ಮೊಳೆಸಿ ನೋಡುವ ಪರೀಕ್ಷೆಯ ಸುದ್ದಿ ಕೇಳಿರಬಹುದು. ಪ್ರಾಚೀನ ಈಜಿಪ್ಟಿನಲ್ಲಿ ಹೆಂಗಸರಿಗೆ ಮಾಡುತ್ತಿದ್ದುದನ್ನು ದನಗಳಿಗೆ ಒಗ್ಗಿಸಿ 1993ರಲ್ಲಿ ಪ್ರಕಟಿಸಿದರು. ಪುಣ್ಯಕೋಟಿ ಪರೀಕ್ಷೆ ಎಂದೇ ಅದರ ಹೆಸರು. ಒಂದು ಪಾಲು ಗಂಜಲಕ್ಕೆ ನಾಲ್ಕು ಪಾಲು ನೀರು ಬೆರೆಸಿ ಅದರಲ್ಲಿ ಗೋಧಿಯನ್ನೋ ಹೆಸರುಕಾಳನ್ನೋ ನೆನೆಸುತ್ತಾರೆ. ಪಕ್ಕದಲ್ಲಿ ಬರೀ ನೀರಿನಲ್ಲಿ ಇನ್ನೊಂದು ಬಟ್ಟಲು. ಐದು ದಿನದ ಮೇಲೆ ಗಂಜಲದ ಕಾಳು ಮೊಳೆಯದೆ ಕಪ್ಪಾದರೆ ಗಬ್ಬ ಎನ್ನುತ್ತಾರೆ. ಖರ್ಚಿಲ್ಲದ್ದು, ಮಕ್ಕಳಿಗೂ ಮೋಜು. ಆದರೆ ನೀರು ಕಡಿಮೆ ಕುಡಿದ ಖಾಲಿ ಹಸುವಿನ ಗಟ್ಟಿ ಗಂಜಲವೂ ಮೊಳಕೆಯನ್ನು ಕೊಲ್ಲಬಹುದು. ಬೇಕಾದರೆ ಮಾಡಿ ನೋಡಿ, ಡಾಕ್ಟ್ರ ಕೈಗೆ ಬದಲಿ ಎಂದು ತಿಳಿಯಬೇಡಿ.

ನೋಡಿಸದೆ ಸೂಜಿ ಬೇಡ

ಗೌಡರ ಹಸುವಿಗೆ ಡಾಕ್ಟ್ರು ಅವತ್ತೇ ಬೆದೆಗೆ ತರುವ ಒಂದು ಸೂಜಿ ಕೊಟ್ಟರು. ಅಂಡಾಶಯದ ಮೇಲಿನ ಗಂಟನ್ನು ಕರಗಿಸುವ ಔಷಧಿ ಅದು. ಇಲ್ಲಿ ಒಂದು ಎಚ್ಚರಿಕೆ. ಗಬ್ಬವನ್ನು ಹಿಡಿದು ನಿಲ್ಲಿಸುವುದೂ ಅದೇ ಗಂಟು. ಗಬ್ಬವಿರುವ ಹಸುವಿಗೆ ಗೊತ್ತಿಲ್ಲದೆ ಈ ಸೂಜಿ ಕೊಟ್ಟರೆ ಕಂದು ಹಾಕುತ್ತದೆ. "ಬೆದೆಗೆ ಬರ್ತಿಲ್ಲ, ಒಂದು ಸೂಜಿ ಚುಚ್ಚಿ" ಎಂದು ಅವಸರ ಮಾಡುವವರು, ಕೈ ಹಾಕಿ ನೋಡದೆ ಚುಚ್ಚುವವರು, ಇಬ್ಬರೂ ಇದನ್ನು ನೆನಪಿಡಲಿ. ಇದರ ತಮ್ಮ ಇನ್ನೊಂದಿದೆ. ಕೆಲವು ಹಸುಗಳು ಗಬ್ಬವಿದ್ದಾಗಲೂ ಬೆದೆಯ ಆಟ ಆಡುತ್ತವೆ. ಆಗ ನೋಡದೆ ಮತ್ತೆ ಇಂಜೆಕ್ಷನ್ ಹಾಕಿಸಿದರೂ ಇದ್ದ ಗಬ್ಬ ಹೋಗಬಹುದು.

ಎರಡು ದಿನ ಬಿಟ್ಟು ಆಗಸ್ಟ್ 22ರ ಸಂಜೆ ಹಸು ಬೆದೆಗೆ ಬಂತು. ಸಂಜೆ ಕಂಡರೆ ಮರುದಿನ ಬೆಳಿಗ್ಗೆ, ಬೆಳಿಗ್ಗೆ ಕಂಡರೆ ಅವತ್ತೇ ಸಂಜೆ ಎಂಬ ಲೆಕ್ಕದಂತೆ 23ರ ಬೆಳಿಗ್ಗೆ ಇಂಜೆಕ್ಷನ್ ಆಯಿತು. ಈ ಸಲ ಗೌಡರು ಚೀಟಿಯನ್ನು ಸೂರಿಗೆ ಸಿಕ್ಕಿಸಲಿಲ್ಲ, ಗೋಡೆಯ ಕ್ಯಾಲೆಂಡರಿನಲ್ಲಿ 60ನೇ ದಿನಕ್ಕೆ, ಎಂದರೆ ಅಕ್ಟೋಬರ್ 22ಕ್ಕೆ, ಸುಣ್ಣದ ಬೊಟ್ಟಿಟ್ಟರು. ಅವತ್ತು ಡಾಕ್ಟ್ರನ್ನು ಕರೆಸಿದರು. ಕವಲು ದಪ್ಪಗಿತ್ತು, ಪೊರೆ ಜಾರಿತು. "ಈಗ ಗಬ್ಬ ಅಂತ ಹೇಳ್ಕಳಿ ಗೌಡ್ರೇ. ನಾಲ್ಕು ತಿಂಗಳಿಗೆ ಇನ್ನೊಂದ್ಸಲ ನೋಡೋಣ, ನಡುವೆ ಹೋಗೋದೂ ಉಂಟು" ಎಂದರು ಡಾಕ್ಟ್ರು.

ಲೆಕ್ಕ ಹಾಕಿ ನೋಡಿ. ಮಾರ್ಚ್ 5ರ ಇಂಜೆಕ್ಷನ್ ನಿಂತಿದ್ದರೆ ಹಸು ಈಯಬೇಕಾದದ್ದು ಡಿಸೆಂಬರ್ 10ರ ಸುಮಾರಿಗೆ. ಆಗಸ್ಟ್ 23ರದ್ದಕ್ಕೆ ಈಯುವುದು ಮೇ 30ರ ಸುಮಾರಿಗೆ. ನಡುವೆ 171 ದಿನ. ಹೊಸದಾಗಿ ಈದಾಗ ಹತ್ತು ಲೀಟರ್ ಕೊಡುವ ಈ ಹಸು ಈಗ ಕೊಡುತ್ತಿರುವುದು ಮೂರು ಲೀಟರ್. ದಿನಕ್ಕೆ ಏಳು ಲೀಟರಿನಂತೆ 1,197 ಲೀಟರ್ ಹಾಲು ಡೈರಿಗೆ ಹೋಗಲಿಲ್ಲ. ಮಾರ್ಚಿಯಲ್ಲಿ ಗಬ್ಬ ನಿಲ್ಲದಿದ್ದುದು ಯಾರ ತಪ್ಪೂ ಅಲ್ಲ, ಎಷ್ಟೋ ಇಂಜೆಕ್ಷನ್ನು ನಿಲ್ಲುವುದಿಲ್ಲ. ಆದರೆ ಮೇ 4ಕ್ಕೆ 60 ದಿನ ತುಂಬಿತ್ತು. ಅವತ್ತು ಕೈ ಹಾಕಿಸಿದ್ದರೆ ಆಗಸ್ಟ್ 20ರವರೆಗಿನ 108 ದಿನ ಉಳಿಯುತ್ತಿತ್ತು.

ಹೊರಡುವಾಗ ಗೌಡರ ತಾಯಿ ನನ್ನ ಕೈಗೆ ಮಜ್ಜಿಗೆ ಲೋಟ ಕೊಟ್ಟು ಹೇಳಿದರು: "ರಾತ್ರಿ ಕೂಗಿದ್ರೆ ಇನ್ಮೇಲೆ ಬರೀ ಹುಲ್ ಹಾಕಕಿಲ್ಲ ಕಣಪ್ಪ. ಲಾಟೀನ್ ಹಿಡ್ಕಂಡು ಹಿಂದ್ಗಡೆ ನೋಡ್ತೀನಿ."